ಕೆಲಸದ ಜಾಗದ ಹೊಂದಾಣಿಕೆ, ಪರೀಕ್ಷೆಯ ಹೆಚ್ಚುವರಿ ಸಮಯ: ಕೇಳುವುದು ಹೇಗೆ, ಕೊಡದಿದ್ದರೆ ದೂರು ಎಲ್ಲಿಗೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಕಲಂ 20ನ್ನು ಓದುವಾಗ ಅನೇಕರು ಒಂದು ಕಡೆ ಎಡವುತ್ತಾರೆ. ಅಂಗವಿಕಲತೆ ಕನಿಷ್ಠ ಶೇ 40 ಇರಬೇಕು ಎಂಬ ಮಿತಿ ಇರುವುದು ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಗಳಿಗೆ. ಸರ್ಕಾರಿ ಕಚೇರಿ ತನ್ನ ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುವ ಕಲಂ 20(2) ಆ ಮಿತಿಯನ್ನು ಹೇಳುವುದೇ ಇಲ್ಲ. ಆದ್ದರಿಂದ ‘ನಿಮ್ಮದು ಶೇ 35 ಮಾತ್ರ’ ಎಂಬ ಒಂದೇ ಮಾತಿನಿಂದ ಅರ್ಜಿ ಮುಚ್ಚಲು ಬರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೋಮವಾರಪೇಟೆಯ ಒಂದು ಸರ್ಕಾರಿ ಕಚೇರಿ. ಪೋಲಿಯೊದಿಂದ ಬಲಗಾಲು ಸೋತ ದ್ವಿತೀಯ ದರ್ಜೆ ಸಹಾಯಕಿಗೆ ಮೇಲಿನ ಮಹಡಿಯಲ್ಲಿ ಮೇಜು, ಲಿಫ್ಟ್ ಇಲ್ಲ. ಮಳೆಗಾಲದಲ್ಲಿ ಹೊರಗಿನ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಕಡತದ ಕಟ್ಟುಗಳನ್ನು ರೆಕಾರ್ಡ್ ಕೋಣೆಯಿಂದ ಅವರೇ ತರಬೇಕು. ಬಾಯಿಮಾತಿನಲ್ಲಿ ಕೇಳಿದಾಗಲೆಲ್ಲ ‘ನೋಡೋಣ’ ಎಂಬ ಉತ್ತರ.

ಇಲ್ಲಿ ‘ದಯವಿಟ್ಟು ಅನುಕೂಲ ಮಾಡಿಕೊಡಿ’ ಎಂದು ಬರೆದರೆ ಉಪಯೋಗ ಕಡಿಮೆ. ಅರ್ಜಿಯಲ್ಲಿ ಪ್ರತಿ ಕೆಲಸಕ್ಕೂ ಇರುವ ಅಡ್ಡಿ ಯಾವುದು, ಅದಕ್ಕೆ ಬೇಕಾದ ಬದಲಾವಣೆ ಯಾವುದು ಎಂದು ಜೊತೆಜೊತೆಗೇ ಬರೆಯಬೇಕು. ಮೇಲಿನ ಮಹಡಿಯ ಮೇಜಿನ ಬದಲು ನೆಲಮಹಡಿಯ ಟಪಾಲು ಶಾಖೆಯಲ್ಲಿ ಜಾಗ, ಕಡತ ತರಲು ಗ್ರೂಪ್ ‘ಡಿ’ ನೌಕರರ ನೆರವು, ಹೊರ ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ. ಹೀಗೆ ಬಿಡಿಬಿಡಿಯಾಗಿ ಕೇಳಿದರೆ ಪ್ರತಿಯೊಂದಕ್ಕೂ ಬೇರೆ ಉತ್ತರ ಕೊಡಬೇಕಾಗುತ್ತದೆ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಹೊಂದಾಣಿಕೆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗಬಾರದು, ನಿಜ. ಆದರೆ ಮೇಜು ಕೆಳಗಿಳಿಸುವುದು ಹೇಗೆ ಹೊರೆ ಎಂದು ಬರೆದು ತೋರಿಸುವುದು ಕಚೇರಿಗೆ ಸುಲಭವಲ್ಲ. ಅರ್ಜಿಗೆ ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಉತ್ತರ ಬರದಿದ್ದರೆ ಮುಂದಿನ ಮೆಟ್ಟಿಲು ಕಲಂ 23. ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾ ಅಧಿಕಾರಿಯೊಬ್ಬರನ್ನು ನೇಮಿಸಿ, ದೂರಿನ ವಹಿ ಇಟ್ಟಿರಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಗಮನಿಸಿ, ಎರಡು ವಾರದ ಲೆಕ್ಕ ಶುರುವಾಗುವುದು ನೀವು ಪತ್ರ ಕೊಟ್ಟ ದಿನದಿಂದಲ್ಲ, ವಹಿಯಲ್ಲಿ ಏರಿದ ದಿನದಿಂದ. ಬಹಳಷ್ಟು ದೂರುಗಳು ಸಾಯುವುದು ಇಲ್ಲೇ: ಪತ್ರ ಮೇಜಿನ ಮೇಲಿರುತ್ತದೆ, ವಹಿಯಲ್ಲಿ ಇರುವುದಿಲ್ಲ. ಹಾಗಾಗಿ ವಹಿಯ ಕ್ರಮಸಂಖ್ಯೆ ಕೇಳಿ ಪಡೆಯಿರಿ. ಅಂಥ ಅಧಿಕಾರಿಯೇ ಇಲ್ಲ ಎಂದರೆ, ಅವರ ಹೆಸರು ಮತ್ತು ನೇಮಕದ ಆದೇಶದ ಪ್ರತಿ ಕೇಳಿ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಬರುವ ‘ನೇಮಿಸಿಲ್ಲ’ ಎಂಬ ಉತ್ತರವೇ ಮುಂದೆ ಒಳ್ಳೆಯ ದಾಖಲೆ.

ಅಲ್ಲಿ ಸಮಾಧಾನವಾಗದಿದ್ದರೆ ಕಲಂ 23ರ ಪ್ರಕಾರವೇ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ದಾರಿ ತಿಳಿಯದವರು ಮಡಿಕೇರಿಯಲ್ಲಿರುವ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯವರ ಕಚೇರಿಯಲ್ಲೋ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಬಳಿಯೋ ವಿಚಾರಿಸಿ. ಇನ್ನೂ ಮೇಲೆ ಬೆಂಗಳೂರಿನಲ್ಲಿರುವ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಕಲಂ 81ರಂತೆ ಇಲಾಖೆ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ದೂರುದಾರರಿಗೂ ಹೇಳಬೇಕು. ಆ ಕಾರಣ ಪೊಳ್ಳಾಗಿದ್ದರೆ ನ್ಯಾಯಮಂಡಳಿ, ಹೈಕೋರ್ಟಿನ ದಾರಿ ಉಳಿದೇ ಇರುತ್ತದೆ.

ಕಾಫಿ ತೋಟ, ರೆಸಾರ್ಟ್‌ಗಳಂಥ ಖಾಸಗಿ ಕಡೆ ಕಲಂ 23 ನಡೆಯುವುದಿಲ್ಲ. ಅಲ್ಲಿ ಹಿಡಿಯಬೇಕಾದ್ದು ಕಲಂ 21ರ ಸಮಾನ ಅವಕಾಶ ನೀತಿ. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಕೊಡುವ ಸೌಲಭ್ಯಗಳ ವಿವರವೂ ಇರಬೇಕು. ಅದರ ಪ್ರತಿ ಕೇಳಿ, ಇಲ್ಲವೆಂದರೆ ನೇರ ರಾಜ್ಯ ಆಯುಕ್ತರಿಗೆ ಬರೆಯಿರಿ.

ಪರೀಕ್ಷೆಯ ಕತೆ ಬೇರೆ. ಇಲ್ಲಿ ಕಾಲವೇ ಶತ್ರು, ಮೂರು ತಿಂಗಳ ನಂತರದ ಶಿಫಾರಸಿನಿಂದ ಕಳೆದ ಒಂದು ಗಂಟೆ ಬರುವುದಿಲ್ಲ. ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಒಂದೂವರೆ ಗಂಟೆಯದಕ್ಕೆ ಅರ್ಧ ಗಂಟೆ. ಶೇ 40ರ ಕೆಳಗಿದ್ದರೂ ಬರೆಯಲು ನಿಜವಾಗಿ ಕಷ್ಟವಿದ್ದವರಿಗೆ ಸ್ಕ್ರೈಬ್, ಅಂದರೆ ಅವರು ಹೇಳಿದ್ದನ್ನು ಬರೆದುಕೊಡುವವರನ್ನು, ನಿರಾಕರಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿತು. ಅದೇ ವರ್ಷ ನವೆಂಬರಿನ ಅವ್ನಿ ಪ್ರಕಾಶ್ ಪ್ರಕರಣ ಇನ್ನೂ ಹೆಚ್ಚು ಕಲಿಸುತ್ತದೆ. ನೀಟ್‌ನಲ್ಲಿ ಹೆಚ್ಚುವರಿ ಒಂದು ಗಂಟೆ ಕೊಡದೆ ಉತ್ತರ ಪತ್ರಿಕೆ ಕಸಿದದ್ದು ಅನ್ಯಾಯ ಎಂದು ನ್ಯಾಯಾಲಯ ಒಪ್ಪಿತು, ಆದರೂ ಮರುಪರೀಕ್ಷೆ ಕೊಡಿಸಲಿಲ್ಲ.

ಆದ್ದರಿಂದ ಕೆಲಸವೆಲ್ಲ ಪರೀಕ್ಷೆಗೆ ಮುಂಚೆಯೇ ಮುಗಿಯಬೇಕು. ಆನ್‌ಲೈನ್ ಅರ್ಜಿಯಲ್ಲಿ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಅಂಕಣ ತುಂಬಿ, ಅರ್ಜಿಯ ಪಿಡಿಎಫ್ ಉಳಿಸಿಕೊಳ್ಳಿ. ಅಧಿಸೂಚನೆ ಕೇಳಿದ ನಮೂನೆಯಲ್ಲೇ ವೈದ್ಯರ ಪ್ರಮಾಣಪತ್ರ ಮಾಡಿಸಿ. ಬೇರೆ ನಮೂನೆಯಲ್ಲಿದೆ ಎಂದು ಬಾಗಿಲಲ್ಲೇ ತಡೆಯುವುದು ಸಾಮಾನ್ಯ. ಪ್ರವೇಶಪತ್ರ ಬಂದ ದಿನವೇ ಅದರಲ್ಲಿ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಆಗಲೇ ಇಮೇಲ್ ಮಾಡಿ. ಕಂಪ್ಯೂಟರ್ ಪರೀಕ್ಷೆಯಾದರೆ ಲಾಗಿನ್ ಆದ ಕೂಡಲೇ ಪರದೆಯ ಗಡಿಯಾರ ನೋಡಿ, 90 ನಿಮಿಷದ ಪತ್ರಿಕೆಗೆ 120 ನಿಮಿಷ ತೋರದಿದ್ದರೆ ಮೊದಲ ಪ್ರಶ್ನೆಗೆ ಹೋಗುವ ಮುನ್ನವೇ ಮೇಲ್ವಿಚಾರಕರನ್ನು ಕರೆಯಿರಿ. ನಿರಾಕರಿಸಿದರೆ ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಂದ ಬರಹದಲ್ಲಿ ಕಾರಣ ಕೇಳಿ. ಕೊಡದಿದ್ದರೆ ಅಂದೇ ಸಂಜೆಯೊಳಗೆ ಕೊಠಡಿ ಸಂಖ್ಯೆ, ಪತ್ರಿಕೆ ಕಿತ್ತುಕೊಂಡ ಸಮಯ ಸಹಿತ ಪರೀಕ್ಷಾ ಸಂಸ್ಥೆಗೆ ದೂರು ಕಳಿಸಿ. ಕೆಪಿಎಸ್‌ಸಿ, ಕೆಇಎ ಪರೀಕ್ಷೆಗಳಾದರೆ ಅದರ ಪ್ರತಿ ಬೆಂಗಳೂರಿನ ರಾಜ್ಯ ಆಯುಕ್ತರಿಗೆ. ಎಸ್‌ಎಸ್‌ಸಿ, ಯುಪಿಎಸ್‌ಸಿಯಂಥ ಕೇಂದ್ರದ ಪರೀಕ್ಷೆಗಳಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ.