ಗೆಳೆಯನ ಪಕ್ಕದ ಸೀಟಿನಲ್ಲಿ ಕೂತವರಿಗೆ

ಹಾಸನದ ಕೋರ್ಟಿನಲ್ಲಿ ಅಪಘಾತದ ಕೇಸುಗಳನ್ನು ನಡೆಸುವ ನನಗೆ ಒಂದು ಮಾತು ಕೇಳಿ ಕೇಳಿ ಬೇಸರ ಬಂದಿದೆ. "ಮೇಡಂ, ದುಡ್ಡು ಕೊಡೋದು ಇನ್ಶೂರೆನ್ಸ್ ಕಂಪನಿ ಅಲ್ವಾ, ನಾನು ಫ್ರೆಂಡ್ ಪರವಾಗಿ ಒಂದು ಮಾತು ಹೇಳಿದ್ರೆ ಯಾರಿಗೇನು ನಷ್ಟ?" ಇದನ್ನು ಕೇಳುವವರು ಕೆಟ್ಟವರಲ್ಲ, ಒಳ್ಳೆಯ ಸ್ನೇಹಿತರೇ. ರಾತ್ರಿ ಗೆಳೆಯನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದರು, ಕಾರು ಯಾರಿಗೋ ಬಡಿಯಿತು, ಈಗ ಸಾಕ್ಷಿ ಹೇಳಬೇಕು. ಹೇಳಬೇಕಾದ ಮಾತು ಕೂಡ ಹೆಚ್ಚೂಕಡಿಮೆ ಯಾವಾಗಲೂ ಒಂದೇ: "ಆ ಮನುಷ್ಯ ಸಡನ್ನಾಗಿ ಅಡ್ಡ ಬಂದ."

1951ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಜಾಕ್ಸನ್ ಟೋಬಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಇದೇ ಸನ್ನಿವೇಶವನ್ನು ವಿದ್ಯಾರ್ಥಿಗಳ ಮುಂದೆ ಇಟ್ಟಿದ್ದರು. ಗಂಟೆಗೆ 20 ಮೈಲಿ ಮಿತಿಯ ಜಾಗದಲ್ಲಿ ಗೆಳೆಯ 35 ಮೈಲಿ ವೇಗದಲ್ಲಿ ಓಡಿಸಿ ಒಬ್ಬ ಪಾದಚಾರಿಗೆ ಗುದ್ದಿದ್ದಾನೆ. ನೀವು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. 20ರಲ್ಲೇ ಇದ್ದ ಅಂತ ನೀವು ಪ್ರಮಾಣ ಮಾಡಿ ಹೇಳಿದರೆ ಅವನು ದೊಡ್ಡ ತೊಂದರೆಯಿಂದ ಪಾರಾಗಬಹುದು. ಅವನಿಗೆ ನಿಮ್ಮ ಮೇಲೆ ಎಷ್ಟು ಹಕ್ಕಿದೆ, ನೀವು ಏನು ಮಾಡುತ್ತೀರಿ ಅಂತ ಅವರ ಪ್ರಶ್ನೆ. ಅವರದು ಕಾಗದದ ಮೇಲಿನ ಪ್ರಶ್ನೆ. ನಮ್ಮಲ್ಲಿ ಸಕಲೇಶಪುರ, ಬೇಲೂರು, ಮೂಡಿಗೆರೆ ರಸ್ತೆಗಳಲ್ಲಿ ಮಂಜು ಇಳಿದ ಸಂಜೆಗಳಲ್ಲಿ ಇದು ನಿಜವಾಗಿಯೇ ನಡೆಯುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಂತೂ ಕತ್ತಲಾದ ಮೇಲೆ ಕೆಲಸದವರು ರಸ್ತೆ ಅಂಚಿನಲ್ಲೇ ಲೈನ್ ಮನೆಗೆ ನಡೆದು ಹೋಗುತ್ತಿರುತ್ತಾರೆ.

ಒಂದು ಕೇಸು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರು ಗೆಳೆಯರು, ಹೈಸ್ಕೂಲಿನಿಂದ ಜೊತೆಗಿದ್ದವರು, ಜನವರಿಯ ಒಂದು ಸಂಜೆ ಮದುವೆ ಮನೆಯಿಂದ ಬರುತ್ತಿದ್ದರು. ಓಡಿಸುತ್ತಿದ್ದವನು ಕುಡಿದಿರಲಿಲ್ಲ, ಲೈಸೆನ್ಸ್ ಇತ್ತು, ಇನ್ಶೂರೆನ್ಸೂ ಚಾಲ್ತಿಯಲ್ಲಿತ್ತು. ತಿರುವಿನಲ್ಲಿ ಕಾರು ಒಬ್ಬನಿಗೆ ಬಡಿಯಿತು. ಬಳ್ಳಾರಿ ಕಡೆಯಿಂದ ಕೊಯ್ಲಿಗೆ ಬಂದಿದ್ದ 38 ವರ್ಷದವನು. ಗೆಳೆಯರಿಬ್ಬರೂ ಅವನನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿ ಅವನು ತೀರಿಕೊಂಡ. ಮಾರನೇ ದಿನ ಸ್ಟೇಷನ್ನಿನಲ್ಲಿ ಪಕ್ಕದ ಸೀಟಿನವನು "ಅವನು ಬಲಗಡೆಯಿಂದ ಓಡಿ ಬಂದ" ಅಂತ ಹೇಳಿಕೆ ಕೊಟ್ಟ. ಕ್ಲೇಮಿನ ಕೇಸಿನಲ್ಲಿ ಸಾಕ್ಷಿ ಹೇಳಲು ಬರಬೇಕು ಅಂತ ಕಂಪನಿ ಅವನನ್ನು ಕರೆಸಿದಾಗ ನನ್ನ ಹತ್ತಿರ ಬಂದ. "ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲಾ ಜೊತೆಗೆ ಕೂತವನು ಮೇಡಂ ಅವನು. ಈಗ ನಾನು ಕೈ ಬಿಡ್ಲಾ?" ಅಂದ. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಂಥ ಗೆಳೆಯ ಎಲ್ಲರಿಗೂ ಸಿಗುವುದಿಲ್ಲ.

ಆದರೆ ಒಂದು ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಕಕ್ಷಿದಾರರು ಮತ್ತೆ ಮತ್ತೆ ತಪ್ಪು ತಿಳಿಯುವುದೂ ಇದನ್ನೇ, ಅದಕ್ಕೇ ಇದನ್ನು ನಿಧಾನವಾಗಿ ಹೇಳುತ್ತೇನೆ. ಒಂದು ಅಪಘಾತದಿಂದ ಎರಡು ಬೇರೆ ಬೇರೆ ಕೇಸು ಹುಟ್ಟುತ್ತವೆ. ಒಂದು ಕ್ರಿಮಿನಲ್ ಕೇಸು, ಓಡಿಸಿದವನ ಮೇಲೆ. ನಿರ್ಲಕ್ಷ್ಯದಿಂದ ಸಾವು ಅಂತ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ಇನ್ನೊಂದು ಪರಿಹಾರದ ಕ್ಲೇಮು, ಸತ್ತವನ ಮನೆಯವರು ನ್ಯಾಯಮಂಡಳಿಯ ಮುಂದೆ ಹಾಕುವುದು. ಈ ಎರಡನೆಯದರಲ್ಲಿ ದುಡ್ಡು ಕೊಡುವುದು ಕಂಪನಿ, ನಿಜ. ಆದರೆ ಎಷ್ಟು ಕೊಡಬೇಕು ಅನ್ನುವುದು ತಪ್ಪು ಯಾರದು, ಯಾರದ್ದು ಎಷ್ಟು ಪಾಲು ಅನ್ನುವುದರ ಮೇಲೆ ನಿಂತಿದೆ. ಸತ್ತವನದ್ದೂ ತಪ್ಪಿದೆ ಅಂತ ತೀರ್ಮಾನವಾದರೆ ಅವನ ಪಾಲಿನ ತಪ್ಪಿಗೆ ತಕ್ಕಷ್ಟು ಹಣವನ್ನು ಅವನ ಹೆಂಡತಿ ಮಕ್ಕಳಿಗೆ ಸಿಗುವ ಮೊತ್ತದಲ್ಲಿ ಕಳೆಯುತ್ತಾರೆ.

ಲೆಕ್ಕ ಹಾಕಿ ನೋಡೋಣ. ತಿಂಗಳ ದುಡಿಮೆ 15,000 ಅಂತ ಇಟ್ಟುಕೊಳ್ಳಿ. ಕೂಲಿಯವನು, 40 ವರ್ಷದೊಳಗಿನವನು, ಹಾಗಾಗಿ ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ ಶೇಕಡಾ 40 ಸೇರಿಸುತ್ತಾರೆ, 21,000 ಆಯಿತು. ಇದು 2017ರ ಪ್ರಣಯ್ ಸೇಠಿ ತೀರ್ಪಿನ ಲೆಕ್ಕ. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ಕು ಜನ ಅವನನ್ನು ನಂಬಿದ್ದರು. ಆದ್ದರಿಂದ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ, 15,750 ಉಳಿಯಿತು. ವರ್ಷಕ್ಕೆ 1,89,000. 38ರ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 15ರಿಂದ ಗುಣಿಸಬೇಕು. 28,35,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಸಣ್ಣ ಬಾಬ್ತುಗಳು ಬೇರೆ. ಈಗ "ಓಡಿ ಬಂದ" ಅನ್ನುವ ಮಾತನ್ನು ನಂಬಿ ಶೇಕಡಾ 30 ತಪ್ಪು ಸತ್ತವನದು ಅಂತ ನ್ಯಾಯಾಧೀಶರು ಬರೆದರೆ? 8,50,500 ರೂಪಾಯಿ ಹೋಯಿತು. ಆ ಹಣ ಕಂಪನಿಯ ಹತ್ತಿರವೇ ಉಳಿಯುತ್ತದೆ, ಗೆಳೆಯನಿಗೆ ಒಂದು ಪೈಸೆಯೂ ಬರುವುದಿಲ್ಲ. ಅವನಿಗೆ ಲೈಸೆನ್ಸ್ ಇತ್ತು, ಪಾಲಿಸಿ ಇತ್ತು. 28 ಲಕ್ಷವಾದರೂ 19 ಲಕ್ಷವಾದರೂ ಕಟ್ಟುವುದು ಕಂಪನಿಯೇ.

ಇನ್ನೂ ಒಂದು ಮಾತಿದೆ. ಪಾದಚಾರಿಯದೂ ತಪ್ಪಿತ್ತು ಅಂತ ವಾದಿಸುವ ಕಂಪನಿಯೇ ಅದನ್ನು ಸಾಬೀತು ಮಾಡಬೇಕು. ಸುಮ್ನೆ ಹೇಳಿದರೆ ಸಾಲದು, ಸಾಕ್ಷಿ ಬೇಕು. ಕತ್ತಲ ರಸ್ತೆಯಲ್ಲಿ ಸಾಕ್ಷಿ ಎಲ್ಲಿಂದ ಬರಬೇಕು? ಸತ್ತವನು ಮಾತಾಡುವುದಿಲ್ಲ, ಅವನ ಹೆಂಡತಿ ಆಗ ಊರಿನಲ್ಲಿದ್ದಳು. ಕಂಪನಿಗೆ ಸಿಗುವುದು ಓಡಿಸಿದವನ ಮಾತು ಮತ್ತು ಪಕ್ಕದ ಸೀಟಿನವನ ಮಾತು, ಅಷ್ಟೇ. ಓಡಿಸಿದವನು ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಾನೆ ಅಂತ ನ್ಯಾಯಾಧೀಶರಿಗೆ ಗೊತ್ತು. ಹಾಗಾಗಿ ಭಾರವೆಲ್ಲ ನಿಮ್ಮ ಮಾತಿನ ಮೇಲೆ ಬೀಳುತ್ತದೆ. "ಯಾರಿಗೇನು ನಷ್ಟ" ಅಂತ ಕೇಳಿದ ಹುಡುಗನಿಗೆ ನಾನು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ತುಂಬ ಹೊತ್ತು ಆ ಹಾಳೆಯನ್ನೇ ನೋಡಿದ.

ಸರಿ, ಕ್ರಿಮಿನಲ್ ಕೇಸಿನಲ್ಲಾದರೂ ಗೆಳೆಯನಿಗೆ ಉಪಯೋಗ ಆಗುತ್ತದಲ್ಲ ಅನ್ನಬಹುದು. ಆಗಬಹುದು, ಆಗದೆಯೂ ಇರಬಹುದು. ಅಲ್ಲಿ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಪೊಲೀಸರೇ ಸಾಬೀತು ಮಾಡಬೇಕು, ಆ ರಕ್ಷಣೆ ಗೆಳೆಯನಿಗೆ ಹೇಗೂ ಇದೆ. ಆದರೆ ಸುಳ್ಳಿನ ಎದುರಾಳಿ ಬರೀ ವಕೀಲರಲ್ಲ, ಸ್ಥಳದ ಮಹಜರೂ ಇರುತ್ತದೆ. ಈ ಕೇಸಿನಲ್ಲಿ ಪೊಲೀಸರ ನಕ್ಷೆಯಲ್ಲಿ ಚಪ್ಪಲಿ, ಟಾರ್ಚು, ಅಕ್ಕಿಯ ಚೀಲ ಮೂರೂ ಡಾಂಬರಿನ ಎಡಕ್ಕೆ ಮಣ್ಣಿನ ಮೇಲೆ ಬಿದ್ದಿದ್ದವು. ವಾಹನ ಪರಿಶೀಲನಾ ವರದಿಯಲ್ಲಿ ಒಡೆದಿದ್ದು ಎಡಗಡೆಯ ಹೆಡ್‌ಲೈಟು, ನೆಗ್ಗಿದ್ದು ಎಡಗಡೆಯ ಮೂಲೆ. ಬಡಿಯುವ ಮುಂಚೆ ಬ್ರೇಕ್ ಹಾಕಿದ ಗುರುತಿಲ್ಲ. ಬಲದಿಂದ ಓಡಿ ಬಂದವನು ಇಡೀ ರಸ್ತೆ ದಾಟಿ ಮಣ್ಣು ತಲುಪಿದ ಮೇಲೆ ಬಡಿದರೆ, ಅಷ್ಟು ಹೊತ್ತು ಅವನು ಕಣ್ಣಿಗೆ ಬಿದ್ದಿರಬೇಕು ತಾನೇ, ಬ್ರೇಕ್ ಯಾಕೆ ಹಾಕಲಿಲ್ಲ? ಪಾಟೀಸವಾಲಿನಲ್ಲಿ ಇದೊಂದು ಪ್ರಶ್ನೆ ಸಾಕು. ಸಾಕ್ಷಿ ಅಲ್ಲಿ ಮುಗ್ಗರಿಸಿದರೆ ಅವನು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಕೋರ್ಟಿನಲ್ಲಿ ಬೇಕೆಂದೇ ಸುಳ್ಳು ಸಾಕ್ಷಿ ಹೇಳಿದರೆ ಅದೇ ನ್ಯಾಯ ಸಂಹಿತೆಯ 229ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಎಲ್ಲ ಸುಳ್ಳು ಸಾಕ್ಷಿಗಳ ಮೇಲೂ ಕೇಸು ಆಗುತ್ತದೆ ಅಂತ ನಾನು ಹೆದರಿಸುವುದಿಲ್ಲ, ಹಾಗೆ ಆಗುವುದು ಅಪರೂಪ. ಆದರೂ ಇದು ಗೊತ್ತಿರಬೇಕು.

ಕಾನೂನು ಆಪ್ತತೆಗೆ ಬೆಲೆಯನ್ನೇ ಕೊಡುವುದಿಲ್ಲ ಅಂತಲ್ಲ. ಗಂಡ ಹೆಂಡತಿ ತಮ್ಮಲ್ಲಿ ಆಡಿಕೊಂಡ ಮಾತನ್ನು ಹೊರಗೆ ಹೇಳು ಅಂತ ಸಾಮಾನ್ಯವಾಗಿ ಒತ್ತಾಯಿಸುವ ಹಾಗಿಲ್ಲ. ವಕೀಲರಿಗೆ ಹೇಳಿದ ಗುಟ್ಟಿಗೂ ರಕ್ಷಣೆ ಇದೆ. ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ, ಅದು ಸಂವಿಧಾನದ 20ನೇ ವಿಧಿ ಕೊಟ್ಟ ಹಕ್ಕು. ಗೆಳೆತನಕ್ಕೆ ಮಾತ್ರ ಅಂಥ ರಕ್ಷಣೆ ಇಲ್ಲ. ಇದು ಸರಿಯೇ ಅಂತ ನನ್ನ ಅಭಿಪ್ರಾಯ. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಬೇಕಾದವರೇ. ಒಬ್ಬ ನೆಂಟ, ಇನ್ನೊಬ್ಬ ಕ್ಲಾಸ್‌ಮೇಟು, ಮತ್ತೊಬ್ಬ ಪಕ್ಕದ ತೋಟದವರ ಮಗ. ಗೆಳೆಯರ ಸಾಕ್ಷಿಯನ್ನು ಬಿಟ್ಟುಬಿಟ್ಟರೆ, ಹೊರಗಿನಿಂದ ದುಡಿಯಲು ಬಂದವನ ಪರವಾಗಿ ನಿಜ ಹೇಳಲು ಇಲ್ಲಿ ಯಾರೂ ಉಳಿಯುವುದಿಲ್ಲ.

ಆ ಹುಡುಗ ಕೊನೆಗೆ ಏನು ಮಾಡಿದ? ನಿಜವಾಗಿ ಏನು ಕಂಡೆ ಹೇಳು ಅಂತ ಕೇಳಿದೆ. "ನಾನು ಮೊಬೈಲ್ ನೋಡ್ತಿದ್ದೆ ಮೇಡಂ. ಸದ್ದಾದ ಮೇಲೆ ತಲೆ ಎತ್ತಿದೆ" ಅಂದ. ಹಾಗಾದರೆ ಅವನು ಓಡಿ ಬಂದದ್ದನ್ನೂ ನೋಡಿಲ್ಲ, ನಡೆದು ಬಂದದ್ದನ್ನೂ ನೋಡಿಲ್ಲ. ಅಷ್ಟನ್ನೇ ಹೇಳು ಅಂದೆ. ಜೊತೆಗೆ ಅವನು ಸ್ಟೇಷನ್ನಿನಲ್ಲಿ ಹೇಳದೇ ಬಿಟ್ಟ ಸಂಗತಿಗಳೂ ಇದ್ದವು. ಮಂಜು ದಟ್ಟವಾಗಿತ್ತು. ಗೆಳೆಯ ಓಡಿಹೋಗಲಿಲ್ಲ, ಗಾಯಾಳುವನ್ನು ತಾನೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ, ಆಸ್ಪತ್ರೆಯಲ್ಲಿ ತನ್ನ ಹೆಸರನ್ನೇ ಕೊಟ್ಟ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ, ಮತ್ತು ಶಿಕ್ಷೆ ಎಷ್ಟು ಅಂತ ತೀರ್ಮಾನಿಸುವಾಗ ನ್ಯಾಯಾಧೀಶರು ಗಮನಿಸಬಹುದಾದ ಸಂಗತಿ. ಗೆಳೆಯನಿಗೆ ನಿಜವಾಗಿ ಉಪಯೋಗ ಆಗುವ ಮಾತುಗಳು ಇವು. ಬರೀ "ಅಡ್ಡ ಬಂದ" ಅಂತ ಕಥೆ ಕಟ್ಟುವ ಗಡಿಬಿಡಿಯಲ್ಲಿ ಇಬ್ಬರೂ ಇವನ್ನು ಮರೆತಿದ್ದರು.

ಅವನು ನ್ಯಾಯಮಂಡಳಿಯಲ್ಲಿ ಅದನ್ನೇ ಹೇಳಿದ. ಸ್ಟೇಷನ್ನಿನಲ್ಲಿ ಬೇರೆ ಹೇಳಿದ್ದೆಯಲ್ಲ ಅಂತ ಕಂಪನಿಯ ವಕೀಲರು ಕೇಳಿದಾಗ, ಅದು ಸರಿಯಲ್ಲ ಅಂತ ಒಪ್ಪಿಕೊಂಡ. ಗೆಳೆಯ ಕೆಲವು ತಿಂಗಳು ಮಾತು ಬಿಟ್ಟ. ಈಗ ಮಾತಾಡುತ್ತಾರೆ, ಮೊದಲಿನ ಹಾಗೆ ಅಲ್ಲವಂತೆ. ಅದರಲ್ಲಿ ನನಗೆ ಸಂತೋಷವಿಲ್ಲ. ಪರಿಹಾರದಲ್ಲಿ ಏನೂ ಕಡಿತವಾಗಲಿಲ್ಲ. ಗೆಳೆಯನ ಕ್ರಿಮಿನಲ್ ಕೇಸು ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಈ ಹುಡುಗನೂ ಅವನ ಜೊತೆ ಕೋರ್ಟಿಗೆ ಬರುತ್ತಾನೆ. ಜಾಮೀನಿಗೆ ಶ್ಯೂರಿಟಿ ಹಾಕಿದ್ದೂ ಅವನೇ.

ನೀವು ಪಕ್ಕದ ಸೀಟಿನಲ್ಲಿದ್ದರೆ ಅದೇ ರಾತ್ರಿ ಮಾಡಬೇಕಾದ ಕೆಲಸ ಒಂದಿದೆ. ಕಂಡದ್ದನ್ನು, ಕಾಣದ್ದನ್ನು ಬೇರೆ ಬೇರೆ ಮಾಡಿ ಒಂದು ಹಾಳೆಯಲ್ಲಿ ಬರೆದಿಡಿ, ಗೆಳೆಯನ ಜೊತೆ ಕೂತು "ಏನು ಹೇಳೋಣ" ಅಂತ ಮಾತಾಡುವ ಮುಂಚೆ. ಸ್ಟೇಷನ್ನಿನಲ್ಲಿ ಆಗಲೇ ತಪ್ಪು ಹೇಳಿಕೆ ಕೊಟ್ಟಿದ್ದರೆ ಅದಕ್ಕೇ ಅಂಟಿಕೊಳ್ಳಬೇಕು ಅಂತಿಲ್ಲ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನೀವು ಪ್ರಮಾಣ ಮಾಡಿರುವುದಿಲ್ಲ, ಸಹಿಯೂ ಹಾಕಬೇಕಿಲ್ಲ. ಆದರೆ ಅದನ್ನು ಹೇಗೆ ತಿದ್ದಬೇಕು ಅನ್ನುವುದು ಒಂದೊಂದು ಕೇಸಿಗೆ ಒಂದೊಂದು ರೀತಿ. ನಿಮ್ಮ ಮೇಲೇ ಏನಾದರೂ ಬರಬಹುದಾ ಅಂತಲೂ ನೋಡಬೇಕಾಗುತ್ತದೆ. ಅದಕ್ಕೆ ನಿಮ್ಮದೇ ಒಬ್ಬ ವಕೀಲರನ್ನು ಕೇಳಿ, ಗೆಳೆಯನ ವಕೀಲರನ್ನಲ್ಲ. ಅವರು ನೋಡಿಕೊಳ್ಳುವುದು ಗೆಳೆಯನ ಹಿತವನ್ನು.