ಒಂದು ಮಟ್ಟ ಮೇಲೇರಲು ಎಷ್ಟು ಗಂಟೆ?

ಹೊಸ ಭಾಷೆಯೊಂದನ್ನು ಕಲಿಯಲು ಹೊರಟವರು ಮೊದಲು ಹುಡುಕುವುದು ಒಂದು ಸಂಖ್ಯೆಯನ್ನು. ಆ ಸಂಖ್ಯೆ ಸಿಗುತ್ತದೆ ಕೂಡ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಭಾಷಾ ಸಾಮರ್ಥ್ಯವನ್ನು ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳಾಗಿ ವಿಂಗಡಿಸಿದೆ. ಕೇಂಬ್ರಿಜ್‌ನ ಇಂಗ್ಲಿಷ್ ಪರೀಕ್ಷಾ ವಿಭಾಗದ ಅಂದಾಜಿನಂತೆ, ಸೊನ್ನೆಯಿಂದ ಆರಂಭಿಸಿದವರಿಗೆ ಬಿ1 ತಲುಪಲು 350ರಿಂದ 400 ಗಂಟೆ ಬೇಕು, ಬಿ2 ತಲುಪಲು 500ರಿಂದ 600. ಕಳೆದು ನೋಡಿದರೆ, ಬಿ1ರಿಂದ ಬಿ2ಗೆ ಏರಲು ಸುಮಾರು 200 ಗಂಟೆ. ದಿನಕ್ಕೊಂದು ಗಂಟೆ ಕುಳಿತರೆ ಏಳು ತಿಂಗಳು ಸಾಕು ಎಂದು ಮನಸ್ಸು ಕೂಡಲೇ ಲೆಕ್ಕ ಹಾಕಿಬಿಡುತ್ತದೆ. ಏಳು ತಿಂಗಳ ನಂತರ ಬಿ2 ಕಾಣಿಸದಿದ್ದಾಗ ತಮ್ಮ ಬುದ್ಧಿಯ ಮೇಲೆಯೇ ಅನುಮಾನ ಶುರುವಾಗುತ್ತದೆ.

ಅನುಮಾನ ಪಡಬೇಕಾದದ್ದು ಆ ಲೆಕ್ಕದ ಮೇಲೆ. ಕೇಂಬ್ರಿಜ್ ಹೇಳುವುದು ಶಿಕ್ಷಕರ ಮಾರ್ಗದರ್ಶನದಲ್ಲಿ ನಡೆಯುವ ಪಾಠದ ಗಂಟೆಗಳನ್ನು. ಮನೆಯಲ್ಲಿ ಮಾಡುವ ಅಭ್ಯಾಸ, ಓದು, ಆಲಿಸುವಿಕೆ ಇದರ ಹೊರಗಿನವು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನ ಪಟ್ಟಿಯಲ್ಲೂ ಇದೇ ಕಥೆ. ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ 600ರಿಂದ 750 ಗಂಟೆ, ಜಪಾನಿ, ಅರಬ್ಬಿಗಳಿಗೆ 2,200 ಗಂಟೆ ಎಂಬುದು ತರಗತಿಯ ಲೆಕ್ಕ. ಅಲ್ಲಿನ ವಿದ್ಯಾರ್ಥಿಗಳು ತರಗತಿ ಮುಗಿದ ಮೇಲೆ ದಿನವೂ ಮೂರು ನಾಲ್ಕು ಗಂಟೆ ತಾವೇ ಓದಿಕೊಳ್ಳುತ್ತಾರೆ. ಜೊತೆಗೆ, ಆ ಪಟ್ಟಿ ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಮಾಡಿದ್ದು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಜಪಾನಿ ಪದ್ಧತಿಗೆ ಕನ್ನಡಿಗರು ಬೆಚ್ಚಿಬೀಳುವುದಿಲ್ಲ. ಆದರೆ ಚಿತ್ರಲಿಪಿಯ ಸಾವಿರಾರು ಅಕ್ಷರಗಳು ಯಾರಿಗೂ ರಿಯಾಯಿತಿ ತೋರುವುದಿಲ್ಲ.

ಆದ್ದರಿಂದ ಮುದ್ರಿತ ಅಂಕಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳುವುದು ನನ್ನ ರೂಢಿ. ಬಿ1ರಿಂದ ಬಿ2ಗೆ ಎಲ್ಲ ಬಗೆಯ ಅಭ್ಯಾಸವೂ ಸೇರಿ 350 ಗಂಟೆ ಎಂದಿಟ್ಟುಕೊಳ್ಳೋಣ. ಉದ್ಯೋಗದಲ್ಲಿರುವ ಒಬ್ಬರು ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ ಓದುತ್ತಾರೆ. ವಾರಕ್ಕೆ ಮೂರು ಮುಕ್ಕಾಲು ಗಂಟೆಯಾಯಿತು, 350 ಗಂಟೆಗೆ 93 ವಾರ ಹಿಡಿಯಿತು. ಇನ್ನು ಆ 45 ನಿಮಿಷವನ್ನೇ ಗಡಿಯಾರ ಹಿಡಿದು ನೋಡಿ. ಪಾಠದ ಕಡತ ಹುಡುಕುವುದು, ವ್ಯಾಕರಣದ ವಿವರಣೆಯನ್ನು ತಮ್ಮದೇ ಭಾಷೆಯಲ್ಲಿ ಓದುವುದು, ನಡುವೆ ಮೊಬೈಲ್ ಕಡೆಗೊಂದು ನೋಟ, ಇವನ್ನೆಲ್ಲ ಕಳೆದರೆ ಆ ಭಾಷೆಯೊಂದಿಗೇ ಕಳೆದದ್ದು ಅರ್ಧ ಗಂಟೆಯಾದರೆ ಹೆಚ್ಚು. ಆಗ 93 ವಾರ 140 ವಾರವಾಗುತ್ತದೆ, ಅಂದರೆ ಎರಡು ವರ್ಷ ಎಂಟು ತಿಂಗಳು. ಕೇಳಲು ಹಿತವಾದ ಸಂಖ್ಯೆಯಲ್ಲ, ನಿಜ. ಆದರೆ ಏಳು ತಿಂಗಳಿಗೇ ಕೈಚೆಲ್ಲುವ ಬದಲು ಎರಡೂವರೆ ವರ್ಷಕ್ಕೆ ಸಿದ್ಧರಾಗಲು ಇದು ಬೇಕು.

ಮೇಲಿನ ಮಟ್ಟಗಳು ಇಷ್ಟು ದುಬಾರಿಯಾಗುವುದಕ್ಕೆ ಮುಖ್ಯ ಕಾರಣ ಪದಗಳ ಹಂಚಿಕೆ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಎರಡು ಸಾವಿರ ಪದಕುಟುಂಬಗಳು, ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು, ಗೊತ್ತಿದ್ದರೆ ಸಾಮಾನ್ಯ ಬರಹದ ನೂರು ಪದಗಳಲ್ಲಿ ಎಂಬತ್ತಕ್ಕೂ ಹೆಚ್ಚು ಪರಿಚಿತವಾಗಿರುತ್ತವೆ. ಪತ್ರಿಕೆ, ಕಾದಂಬರಿಗಳನ್ನು ಸರಾಗವಾಗಿ ಓದಲು ನೂರಕ್ಕೆ 98 ಗೊತ್ತಿರಬೇಕೆಂದು ಇಟ್ಟುಕೊಂಡು ಪಾಲ್ ನೇಷನ್ ಎಂಬ ಭಾಷಾವಿಜ್ಞಾನಿ 2006ರಲ್ಲಿ ಲೆಕ್ಕ ಹಾಕಿದಾಗ ಬೇಕಾದದ್ದು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬ. ಆರಂಭದಲ್ಲಿ ಕಲಿತ ಪದ ಪ್ರತಿ ಪುಟದಲ್ಲೂ ಎದುರಾಗಿ ತಾನಾಗಿಯೇ ಗಟ್ಟಿಯಾಗುತ್ತದೆ. ಬಳಕೆಯ ಕ್ರಮದಲ್ಲಿ ಆರನೆಯ ಸಾವಿರಕ್ಕೆ ಸೇರಿದ ಪದ ಮತ್ತೊಮ್ಮೆ ಕಣ್ಣಿಗೆ ಬೀಳುವ ಹೊತ್ತಿಗೆ ನೂರಾರು ಪುಟ ದಾಟಿರುತ್ತೀರಿ, ಅಷ್ಟರಲ್ಲಿ ಅದು ಮರೆತೂ ಹೋಗಿರುತ್ತದೆ. ಅದೇ ಒಂದು ಗಂಟೆಯ ಶ್ರಮಕ್ಕೆ ಈಗ ಕಣ್ಣಿಗೆ ಕಾಣುವ ಫಲ ಕಡಿಮೆ.

ಹೀಗಿರುವಾಗ ಮುಂದೆ ಹೋಗುತ್ತಿದ್ದೇವೆಯೇ ಎಂದು ತಿಳಿಯುವುದು ಹೇಗೆ? ನಮ್ಮ ಅನಿಸಿಕೆಯನ್ನು ನೆಚ್ಚುವಂತಿಲ್ಲ. ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು 40 ಸ್ವಾಹಿಲಿ ಪದಗಳನ್ನು ಅರ್ಥದೊಂದಿಗೆ ಕಲಿತರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಕೆಲವರು ಮತ್ತೆ ಮತ್ತೆ ನೆನಪಿನಿಂದ ಹೇಳುತ್ತ ಹೋದರು. ಉಳಿದವರು ಅಂಥ ಪದವನ್ನು ಮತ್ತೆ ಹೇಳಿ ನೋಡಲಿಲ್ಲ, ಬರೀ ಓದಿದರು, ಇಲ್ಲವೇ ಬಿಟ್ಟೇಬಿಟ್ಟರು. ವಾರದ ನಂತರ ಮೊದಲ ಬಗೆಯವರಿಗೆ ಸುಮಾರು ನೂರಕ್ಕೆ 80 ನೆನಪಿತ್ತು, ಉಳಿದವರಿಗೆ ಸುಮಾರು ಮೂರನೆಯ ಒಂದು ಭಾಗ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬೇರೆ: ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮುಂಚೆಯೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧದಷ್ಟು ಎಂದೇ ಹೇಳಿದ್ದರು. ಯಾರ ಕಲಿಕೆ ಗಟ್ಟಿ, ಯಾರದು ಪೊಳ್ಳು ಎಂಬುದು ಕಲಿಯುವವರಿಗೇ ತಿಳಿದಿರಲಿಲ್ಲ. ಆ್ಯಪ್‌ಗಳು ತೋರಿಸುವ ಸತತ ದಿನಗಳ ಲೆಕ್ಕವೂ ಇದನ್ನು ತಿಳಿಸುವುದಿಲ್ಲ. ಅದು ಹಾಜರಿ ಪುಸ್ತಕ, ಅಷ್ಟೇ.

ಓದಿಗೆ ನಾನು ನಂಬುವ ಅಳತೆ ಬಹಳ ಸರಳ. ಹಿಂದೆಂದೂ ಓದಿರದ ಬರಹದಿಂದ 400 ಪದಗಳ ಒಂದು ತುಣುಕನ್ನು ಆರಿಸಿ, ನಿಘಂಟು ಮುಟ್ಟದೆ ಓದಿ, ಅರ್ಥವಾಗದ ಪದಗಳಿಗೆ ಅಡಿಗೆರೆ ಎಳೆದು ಎಣಿಸುವುದು. ಈ ತಿಂಗಳು 20 ಬಂತು, ಮುಂದಿನ ತಿಂಗಳು 16. ಹಿಗ್ಗಬೇಡಿ. ಇಂಥ ಎಣಿಕೆ ಬರೀ ಆಕಸ್ಮಿಕವಾಗಿಯೇ ಸುಮಾರು ತನ್ನ ವರ್ಗಮೂಲದಷ್ಟು ಆಚೀಚೆಯಾಗುತ್ತದೆ; 20ಕ್ಕೆ ಅದು ನಾಲ್ಕೂವರೆ. ಎರಡನೆಯ ತುಣುಕು ಕೊಂಚ ಸುಲಭವಿದ್ದಿರಬಹುದು, ಅಷ್ಟೆ. ಒಂದರ ಬದಲು ಐದು ತುಣುಕು ಓದಿ, ಒಂದು ಕ್ರೀಡೆಯದು, ಒಂದು ಆರೋಗ್ಯದ್ದು, ಒಂದು ಕತೆ ಹೀಗೆ. ಎರಡು ಸಾವಿರ ಪದಗಳಲ್ಲಿ 100 ಅಪರಿಚಿತ ಸಿಕ್ಕರೆ ಅದರ ಓಲಾಟ ಹತ್ತರಷ್ಟು. ಆರು ತಿಂಗಳ ನಂತರ ಅದೇ ಮೂಲಗಳ ಹೊಸ ತುಣುಕುಗಳಲ್ಲಿ 70 ಬಂದರೆ ಅದು ಬಹುಮಟ್ಟಿಗೆ ನಿಜವಾದ ಏರಿಕೆ. 93 ಬಂದರೆ ಏನನ್ನೂ ಹೇಳಲಾಗದು. ಒಂದೇ ವಿಷಯದ ಬರಹದಲ್ಲಿ ಗೊತ್ತಿಲ್ಲದ ಒಂದು ಪದವೇ ಹತ್ತು ಸಲ ಬಂದು ಲೆಕ್ಕ ಕೆಡಿಸುವುದುಂಟು. ವಿಷಯಗಳನ್ನು ಬೆರೆಸುವುದು ಅದಕ್ಕಾಗಿ. ಪ್ರತಿ ವಾರ ಅಳೆಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಒಂದು ವಾರದ ಮೂರೋ ನಾಲ್ಕೋ ಗಂಟೆ ತರುವ ಬದಲಾವಣೆ ಈ ಓಲಾಟದೊಳಗೇ ಮುಳುಗಿಹೋಗುತ್ತದೆ.

ಮಾತಿನ ಅಳತೆ ಇನ್ನೂ ಜಾರುವಂಥದ್ದು. ಹಿಂದಿನಕ್ಕಿಂತ ಚೆನ್ನಾಗಿ ಮಾತನಾಡುತ್ತಿದ್ದೇನೆ ಎಂದು ನಂಬಲು ನಾವು ತುದಿಗಾಲಲ್ಲಿರುತ್ತೇವೆ, ಪರಿಚಿತ ಶಿಕ್ಷಕರೂ ಹುರಿದುಂಬಿಸಲೆಂದು ಹೌದೆನ್ನುತ್ತಾರೆ. ಮೂರು ತಿಂಗಳಿಗೊಮ್ಮೆ, ಆಗಲೇ ಚೀಟಿ ಎತ್ತಿ ಸಿಕ್ಕ ವಿಷಯದ ಮೇಲೆ ತಯಾರಿಯಿಲ್ಲದೆ ಮೂರು ನಿಮಿಷ ಮಾತನಾಡಿ ಧ್ವನಿಮುದ್ರಿಸಿಡಿ. ವರ್ಷದ ಕೊನೆಗೆ ನಾಲ್ಕೈದು ಮುದ್ರಿಕೆಗಳಿಂದ ದಿನಾಂಕ ಅಳಿಸಿ, ಕ್ರಮ ಕಲಸಿ, ಆ ಭಾಷೆ ಚೆನ್ನಾಗಿ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು, ಕಳಪೆಯಿಂದ ಉತ್ತಮಕ್ಕೆ ಜೋಡಿಸಲು ಹೇಳಿ. ಇಬ್ಬರ ಜೋಡಣೆಯೂ ದಿನಾಂಕದ ಕ್ರಮಕ್ಕೆ ಹತ್ತಿರವಿದ್ದರೆ ಮಾತು ಸುಧಾರಿಸಿದೆ. ಇಬ್ಬರೂ ತೋಚಿದಂತೆ ಜೋಡಿಸಿದ್ದರೆ ಗಂಟೆಗಳ ದಿನಚರಿಯನ್ನು ತೆರೆದು ನೋಡಬೇಕು. 200 ಗಂಟೆ ದಾಖಲಾಗಿದ್ದು ಅದರಲ್ಲಿ ಬಾಯಿ ಬಿಟ್ಟು ಮಾತನಾಡಿದ್ದು ಹನ್ನೆರಡೇ ಗಂಟೆ ಎಂದಿದ್ದರೆ, ಮಾತಿನ ಮಟ್ಟಕ್ಕೆ ಲೆಕ್ಕ ಹಿಡಿಯಬೇಕಾದ ಸಂಖ್ಯೆ ಆ ಹನ್ನೆರಡು.