10 ಪುಟದ ಪಿಡಿಎಫ್‌ನಿಂದ ಮಡಚುವ ಪುಸ್ತಿಕೆ

ಮೊದಲು ಮೂರು ಖಾಲಿ ಹಾಳೆ ತಗೊಳ್ಳಿ. ಒಂದರ ಮೇಲೊಂದು ಇಟ್ಟು ನಡುವೆ ಮಡಚಿ. ಪುಸ್ತಕದ ಹಾಗೆ ತಿರುವುತ್ತಾ ಪೆನ್ಸಿಲ್‌ನಲ್ಲಿ 1ರಿಂದ 12ರವರೆಗೆ ನಂಬರ್ ಹಾಕಿ. ಈಗ ಹಾಳೆ ಬಿಡಿಸಿ ನೋಡಿ. ಹೊರಗಿನ ಹಾಳೆಯಲ್ಲಿ 12 ಮತ್ತು 1, ಅದರ ಹಿಂದೆ 2 ಮತ್ತು 11. ಮಧ್ಯದ ಹಾಳೆಯಲ್ಲಿ 10 ಮತ್ತು 3, ಹಿಂದೆ 4 ಮತ್ತು 9. ಒಳಗಿನದರಲ್ಲಿ 8 ಮತ್ತು 5, ಹಿಂದೆ 6 ಮತ್ತು 7.

ಯಾವ ಜೋಡಿ ಕೂಡಿಸಿದರೂ 13 ಬರುತ್ತದೆ, ಅಂದರೆ ಒಟ್ಟು ಪುಟಕ್ಕಿಂತ ಒಂದು ಜಾಸ್ತಿ. ಬೆಸ ಸಂಖ್ಯೆ ಯಾವಾಗಲೂ ಬಲಗಡೆ ಕೂರುತ್ತದೆ. ಇಷ್ಟು ಗೊತ್ತಿದ್ದರೆ ಎಷ್ಟು ಪುಟದ ಪುಸ್ತಿಕೆಗಾದರೂ ಕ್ರಮ ನೀವೇ ಬರೆಯಬಹುದು.

ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗವಾಗಲೇಬೇಕು. ನಮ್ಮ ಪಿಡಿಎಫ್‌ನಲ್ಲಿ ಇರುವುದು 10, ಅದಕ್ಕೆ ಎರಡು ಖಾಲಿ ಪುಟ ಸೇರಬೇಕು. ಎಲ್ಲಿ ಸೇರಿಸಬೇಕು ಅನ್ನುವುದೇ ಮುಖ್ಯ. ಸುಮ್ನೆ ಕೊನೆಗೆ ಸೇರಿಸಿದರೆ 11 ಮತ್ತು 12 ಖಾಲಿಯಾಗುತ್ತವೆ. ಹಿಂದಿನ ರಕ್ಷಾಪುಟ ಆಗಬೇಕಿದ್ದ 10ನೇ ಪುಟ ಒಳಗೆ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಖಾಲಿ ಪುಟಗಳನ್ನು ಪುಸ್ತಿಕೆಯ 2 ಮತ್ತು 11ನೇ ಜಾಗಕ್ಕೆ ಹಾಕಿ. ಎರಡೂ ರಕ್ಷಾಪುಟಗಳ ಒಳಬದಿ ಖಾಲಿ ಉಳಿಯುತ್ತದೆ, ಆ ಒಂದು ಹಾಳೆಗೆ ದಪ್ಪ ಕಾಗದ ಬಳಸಲೂಬಹುದು. ನನಗೆ ಇದೇ ಚೆಂದ ಅನ್ನಿಸುತ್ತದೆ.

ಈಗ 3ನೇ ಜಾಗಕ್ಕೆ ಪಿಡಿಎಫ್‌ನ 2ನೇ ಪುಟ, 4ಕ್ಕೆ 3, ಹೀಗೆ 10ನೇ ಜಾಗದವರೆಗೆ ಒಂದೊಂದು ಪುಟ ಮುಂದಕ್ಕೆ ಸರಿಯುತ್ತದೆ. ಪಿಡಿಎಫ್ ಪುಟಗಳನ್ನು ಜೋಡಿಸುವ `pdfjam` ಅನ್ನೋ ಕಮಾಂಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಇದ್ದರೆ ಕ್ರಮವನ್ನು ಹೀಗೆ ಕೊಡಬಹುದು. `{}` ಅಂದರೆ ಖಾಲಿ ಪುಟ.

```
pdfjam --paper a4paper --landscape --nup 2x1 \
  --outfile booklet.pdf \
  in.pdf '10,1,{},{},9,2,3,8,7,4,5,6'
```

ಬಂದ ಕಡತದಲ್ಲಿ ಅಡ್ಡ ಎ4ನ ಆರು ಬದಿಗಳಿರುತ್ತವೆ. ಎ4 ಪುಟ ಎ5 ಆಗುವಾಗ ಸುಮಾರು 71% ಗಾತ್ರಕ್ಕೆ ಇಳಿಯುತ್ತದೆ. 12 ಪಾಯಿಂಟ್ ಅಕ್ಷರ ಎಂಟೂವರೆ ಆಗುತ್ತದೆ, ಕನ್ನಡದ ಒತ್ತಕ್ಷರಗಳಿಗೆ ಇದು ಚಿಕ್ಕದು. ಮೂಲ ಕಡತದಲ್ಲೇ 15 ಪಾಯಿಂಟ್ ಇಟ್ಟರೆ ಆರಾಮಾಗಿ ಓದಬಹುದು.

ಪ್ರಿಂಟ್ ಕೊಡುವಾಗ ಎರಡೂ ಬದಿಯ ಆಯ್ಕೆಯಲ್ಲಿ `Flip on short edge` ಆರಿಸಿ. ಹಾಳೆ ಅಡ್ಡಲಾಗಿದೆ ಅಲ್ವಾ, ಉದ್ದದ ಅಂಚಿನಲ್ಲಿ ಮಗುಚಿದರೆ ಹಿಂಬದಿ ತಲೆಕೆಳಗಾಗುತ್ತದೆ. ಪ್ರಿಂಟ್ ಕಿಟಕಿಯಲ್ಲಿ `Booklet` ಆಯ್ಕೆ ಇದ್ದರೆ ಅದನ್ನು ಆರಿಸಬೇಡಿ. ನಾವು ಜೋಡಿಸಿದ ಪುಟಗಳನ್ನು ಅದು ಮತ್ತೊಮ್ಮೆ ಜೋಡಿಸಿ ಎಲ್ಲ ಕಲಸಿಬಿಡುತ್ತದೆ.

ಪರೀಕ್ಷೆಗೆ ಮೊದಲ ಹಾಳೆ ಬೇಡ, ಅದರ ಹಿಂಬದಿ ಖಾಲಿ. ಕಡತದ 3 ಮತ್ತು 4ನೇ ಬದಿಗಳನ್ನು ಮಾತ್ರ ಪ್ರಿಂಟ್ ಮಾಡಿ. ಬಲಗಡೆ ಇರುವ ಪಿಡಿಎಫ್‌ನ 2ನೇ ಪುಟದ ಬೆನ್ನಿಗೆ 3ನೇ ಪುಟ ನೆಟ್ಟಗೆ ಬಂದಿದ್ದರೆ ಉಳಿದದ್ದನ್ನೂ ಕೊಡಿ.